11 ಉದ್ದೇಶ ಪತ್ರ ಲಗತ್ತಿಸಿದರೂ ‘ಬೇಡಿಕೆ ಸಾಬೀತಾಗಿಲ್ಲ’ ಎನ್ನುತ್ತಾರೆ

ತಂಪುಪೆಟ್ಟಿಗೆ: ಶೈತ್ಯಾಗಾರದ ತಾಪಮಾನ ಏರಿದರೆ ಎಚ್ಚರಿಸುವ ಸಾಧನ ನಮ್ಮದು. ಹೂಡಿಕೆಗಾಗಿ ಕೊಟ್ಟ ಯೋಜನಾ ವರದಿಯ ಅನುಬಂಧದಲ್ಲಿ 11 ಉದ್ದೇಶ ಪತ್ರಗಳಿದ್ದರೂ ವರದಿ ಮರಳಿ ಬಂದಿದೆ. ಎಲ್ಲ ಪತ್ರಗಳಲ್ಲೂ ಇರುವ ವಾಕ್ಯ: ‘ಸಾಧನ ಉಪಯುಕ್ತವಾಗಿದೆ, ಮಾರುಕಟ್ಟೆಗೆ ಬಂದಾಗ ಖರೀದಿಸಲು ಆಸಕ್ತರಾಗಿದ್ದೇವೆ.’ ಇನ್ನೂ ಹತ್ತು ಪತ್ರ ತರಲೇ?

ಮುದ್ರೆಗಾರ: ಪತ್ರಕ್ಕೆ ಕಾನೂನಿನ ಬಲವಿಲ್ಲ, ಅದೇ ದೋಷ. ಖರೀದಿಸಲೇಬೇಕು ಎಂಬ ಷರತ್ತು ಬರೆಸಿ ಸಹಿ ಮಾಡಿಸಿ.

ಕಡತಹುಳು: ಮುದ್ರೆಗಾರರೇ, ಅಷ್ಟು ಬರೆದುಕೊಡುವವರು ನೇರವಾಗಿ ಖರೀದಿ ಆದೇಶವನ್ನೇ ಕೊಡುತ್ತಾರೆ. ಇನ್ನೂ ಸಿದ್ಧವಾಗದ ಸಾಧನಕ್ಕೆ ಯಾರೂ ಹಾಗೆ ಕಟ್ಟುಬೀಳುವುದಿಲ್ಲ. ಆದರೆ ಪತ್ರ ತೀರಾ ಹಗುರವಾಗಿದೆ ಎಂಬ ನಿಮ್ಮ ಅನುಮಾನ ಸರಿ.

ತಂಪುಪೆಟ್ಟಿಗೆಯವರೇ, ಹನ್ನೊಂದರಲ್ಲೂ ಒಂದೇ ವಾಕ್ಯವಿದ್ದರೆ ಅದನ್ನು ಬರೆದವರು ನೀವೇ ಎಂದು ಓದುವವರಿಗೆ ಗೊತ್ತಾಗುತ್ತದೆ. ಎಷ್ಟು ಸಾಧನ, ಯಾವ ಬೆಲೆಯೊಳಗೆ, ಯಾವಾಗ, ಏನು ಸಾಬೀತಾದರೆ ಎಂಬುದು ಯಾವುದರಲ್ಲೂ ಇಲ್ಲ. ಸಹಿ ಮಾಡಿದವರು ಯಾರು?

ತಂಪುಪೆಟ್ಟಿಗೆ: ಹೆಚ್ಚಿನವರು ನಿರ್ವಹಣಾ ಎಂಜಿನಿಯರುಗಳು. ಇಬ್ಬರು ಮಾತ್ರ ಖರೀದಿ ವಿಭಾಗದ ಮುಖ್ಯಸ್ಥರು. ಅವರಲ್ಲಿ ಒಬ್ಬರ ಬಳಿ 6 ಸಾಧನಗಳು ಉಚಿತ ಪರೀಕ್ಷೆಯಲ್ಲಿವೆ. ಮೊದಲ ವರ್ಷಕ್ಕೆ 400 ಸಾಧನ ಮಾರುತ್ತೇವೆ ಎಂದು ಬರೆದಿದ್ದೇವೆ.

ಕಡತಹುಳು: ಹಾಗಾದರೆ ಆ ಇಬ್ಬರನ್ನೇ ಮತ್ತೆ ಕಾಣಿರಿ. ಉಳಿದ ಒಂಬತ್ತನ್ನು ‘ಬೆಂಬಲ ಪತ್ರ’ ಎಂದು ಬೇರೆ ಕಟ್ಟಿನಲ್ಲಿಡಿ. ಎಂಜಿನಿಯರ್‌ಗೆ ಸಾಧನ ಇಷ್ಟವಾಗಬಹುದು, ಹಣ ಬಿಡುಗಡೆ ಮಾಡುವವರು ಅವರಲ್ಲ.

ಪರೀಕ್ಷೆ ನಡೆಸುತ್ತಿರುವವರೊಂದಿಗೆ ಅದರ ಗುರಿಯನ್ನು ಬರೆದುಕೊಳ್ಳಿ. ಉದಾಹರಣೆಗೆ, 90 ದಿನಗಳಲ್ಲಿ ಬಾಗಿಲು ತೆರೆದುಳಿದ ಪ್ರತಿ ಸಲವೂ 10 ನಿಮಿಷದೊಳಗೆ ಎಚ್ಚರಿಕೆ ತಲುಪಿದರೆ, ನಿಗದಿತ ಬೆಲೆಗೆ 40 ಸಾಧನ ಕೊಳ್ಳುವ ಉದ್ದೇಶವಿದೆ ಎಂದು. ಸಣ್ಣ ಶುಲ್ಕವನ್ನೂ ಕೇಳಿ. ಉಚಿತವಾಗಿದ್ದರೆ ಸಾಧನ ಮೂಲೆಯಲ್ಲಿ ಧೂಳು ತಿನ್ನುತ್ತದೆ. ಶುಲ್ಕ ಕೊಡಬೇಕಾದರೆ ಅವರ ಲೆಕ್ಕ ವಿಭಾಗವೂ ಒಪ್ಪಬೇಕಾಗುತ್ತದೆ. ಇನ್ನೊಬ್ಬರು 60ಕ್ಕೆ ಬರೆದುಕೊಟ್ಟರು ಎನ್ನಿ, ಒಟ್ಟು 100. ಅಂದರೆ 400ರಲ್ಲಿ ಕಾಲು ಭಾಗಕ್ಕೆ ಮಾತ್ರ ಪತ್ರಗಳ ಆಧಾರವಿದೆ. ಅದನ್ನು ಮುಚ್ಚಿಡದೆ, ಮಾರಾಟದ ಅಂದಾಜಿನ ಪಕ್ಕದಲ್ಲೇ ಪತ್ರದ ಸಂಖ್ಯೆ ಹಾಕಿ. ಉಳಿದ 300 ಎಲ್ಲಿಂದ ಬರುತ್ತದೆ ಎಂದು ಬೇರೆಯಾಗಿ ವಾದಿಸಿ, ಆಗದಿದ್ದರೆ ಅಂದಾಜನ್ನೇ ಇಳಿಸಿ.

ಹೊಸಬ: ಉದ್ದೇಶ ಪತ್ರ ಎಷ್ಟು ಪುಟವಿರಬೇಕು? ಸ್ನಾತಕೋತ್ತರ ಪ್ರವೇಶಕ್ಕೆ ನಾನೂ ಒಂದು ಬರೆಯುತ್ತಿದ್ದೇನೆ.

ಕಡತಹುಳು: ಅದು ಬೇರೆಯೇ ಪತ್ರ, ಇಲ್ಲಿನ ಸಲಹೆ ಅದಕ್ಕೆ ಹೊಂದುವುದಿಲ್ಲ.

ಎರಡನೆಯ_ಸುತ್ತು: ನನ್ನ ಪತ್ರಗಳಲ್ಲಿ ಒಂದು ನಮ್ಮ ಹೂಡಿಕೆದಾರರೊಬ್ಬರದೇ ಇನ್ನೊಂದು ಕಂಪನಿಯದು. ನಾವು ಹೇಳಿರಲಿಲ್ಲ. ಪರಿಶೀಲಿಸಿದವರು ಸಹಿದಾರರಿಗೆ ಕರೆ ಮಾಡಿದಾಗ ಅದು ಗೊತ್ತಾಯಿತು. ಆಮೇಲೆ ನಿಜವಾದ ಪತ್ರಗಳನ್ನೂ ಅವರು ನಂಬಲಿಲ್ಲ.

ತಂಪುಪೆಟ್ಟಿಗೆ: 60ರವರು ಒಪ್ಪಿದ್ದಾರೆ, ಆದರೆ ಬೆಲೆ ಹೊರಗೆ ಕಾಣಬಾರದಂತೆ. ಕಪ್ಪು ಬಳಿದು ಲಗತ್ತಿಸಿದರೆ ಪತ್ರದ ಬಲ ಉಳಿಯುತ್ತದೆಯೇ?

ಕಡತಹುಳು: ಸ್ವಲ್ಪ ಕುಗ್ಗುತ್ತದೆ. ಕೇಳಿದರೆ ಪೂರ್ಣ ಪ್ರತಿ ತೋರಿಸುತ್ತೇವೆ ಎಂದು ಬರೆಯಿರಿ, ಅದಕ್ಕೆ ಅವರ ಅನುಮತಿಯನ್ನು ಮೊದಲೇ ಪಡೆಯಿರಿ.

ಮುದ್ರೆಗಾರ: ಕಪ್ಪು ಬಳಿದ ಪತ್ರವನ್ನು ನಾನಾದರೆ ಲೆಕ್ಕಕ್ಕೇ ಹಿಡಿಯುವುದಿಲ್ಲ.