ಪದಚರ್ಚೆ: ಅಜ್ಜನ ಕಥೆಯಲ್ಲಿ ‘ಅಸೆಟ್’, ‘ಲಯಬಿಲಿಟಿ’ಗಳಿಗೆ ಯಾವ ಮಾತು?

ಬಳಗದ ಎಲ್ಲರಿಗೂ ನಮಸ್ಕಾರ.

ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಒಂದು ಕಥೆ ಬರೆಯುತ್ತಿದ್ದೇನೆ. ಅಜ್ಜ ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಕಿರ್ದಿ ಬರೆದವರು. ಮೊಮ್ಮಗ ಆರನೆಯ ತರಗತಿಯವನು. ಅಪ್ಪ ಐದು ವರ್ಷದ ಹಿಂದೆ 42 ಲಕ್ಷ ರೂಪಾಯಿಗೆ ಮನೆ ಕೊಂಡಿದ್ದಾನೆ. ಅದರಲ್ಲಿ 12 ಲಕ್ಷ ಕೈಯಿಂದ ಹಾಕಿದ್ದು, 30 ಲಕ್ಷ ಬ್ಯಾಂಕಿನ ಸಾಲ. ಇಪ್ಪತ್ತು ವರ್ಷದ ಅವಧಿ, ನೂರಕ್ಕೆ ಎಂಟೂವರೆ ಬಡ್ಡಿ, ತಿಂಗಳಿಗೆ 26,035 ರೂಪಾಯಿ ಕಂತು. ಸಂಜೆ ಜಗಲಿಯ ಮೇಲೆ ಅಜ್ಜ ನೋಟುಪುಸ್ತಕದ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ‘ಆಸ್ತಿ’, ಇನ್ನೊಂದು ಕಡೆ ‘ಹೊಣೆ’ ಎಂದು ಬರೆಯುತ್ತಾರೆ. ಮನೆ ಆಸ್ತಿ, ಸಾಲ ಹೊಣೆ. ಇಲ್ಲಿಯವರೆಗೆ ಸರಾಗವಾಗಿ ಬಂತು.

ಆದರೆ ಓದಿ ನೋಡಿದಾಗ ಕಥೆ ಕುಂಟುತ್ತಿದೆ. ಕನ್ನಡದಲ್ಲಿ ‘ಆಸ್ತಿ’ ಎಂದರೇ ಮನೆ, ಹೊಲ, ಸೈಟು. ಹಾಗಿರುವಾಗ ‘ಮನೆ ಆಸ್ತಿ’ ಎಂದರೆ ಹುಡುಗನಿಗೆ ಹೊಸದಾಗಿ ತಿಳಿದದ್ದೇನು? ‘ಹೊಣೆ’ ಎಂದ ಕೂಡಲೇ ಅವನ ತಲೆಗೆ ಬರುವುದು ಶಾಲೆಯಲ್ಲಿ ಬೋರ್ಡು ಒರೆಸುವ ಹೊಣೆ. ಹಣಕಾಸಿನ ಅರ್ಥ ಕೆಡದ, ಆದರೆ ಮಂಡಿಯ ಗುಮಾಸ್ತರ ಬಾಯಲ್ಲಿ ಸಹಜವಾಗಿ ಬರುವ ಜೋಡಿ ಮಾತು ಬೇಕು. ದಯವಿಟ್ಟು ನೆರವಾಗಿ.

ಕಥೆಗಾರ್ತಿ, ತುಮಕೂರು

*

ಮೇಡಂ, ಪದ ಹುಡುಕುವ ಮೊದಲು ಕಥೆಯ ಲೆಕ್ಕವನ್ನೇ ಸರಿಪಡಿಸಬೇಕು ಎಂದು ನನಗೆ ತೋರುತ್ತದೆ. ಜೇಬಿಗೆ ಹಣ ತರುವುದು ಅಸೆಟ್, ಜೇಬಿನಿಂದ ಹಣ ತೆಗೆಯುವುದು ಲಯಬಿಲಿಟಿ. ವಾಸದ ಮನೆ ಒಂದು ರೂಪಾಯಿಯನ್ನೂ ತರುವುದಿಲ್ಲ. ಕಂತು, ಕಂದಾಯ, ಸುಣ್ಣಬಣ್ಣ ಎಂದು ತೆಗೆಯುತ್ತಲೇ ಇರುತ್ತದೆ. ಆದ್ದರಿಂದ ಮನೆಯನ್ನೂ ಹೊಣೆಯ ಕಡೆಗೇ ಬರೆಯಬೇಕು. ಬಾಡಿಗೆಗೆ ಕೊಟ್ಟ ದಿನ ಅದು ಆಸ್ತಿಯ ಕಡೆಗೆ ಬರುತ್ತದೆ. ನಾನು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡು ಏಳು ವರ್ಷವಾಯಿತು, ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

*

ಮೇಲಿನ ಗೆಳೆಯರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಅವರು ಎರಡು ಪುಸ್ತಕಗಳನ್ನು ಒಂದೇ ಮಾಡಿದ್ದಾರೆ. ನಾನು ಶಿರಸಿ ಸೀಮೆಯ ಒಂದು ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಕಂತಿನ ಬಡ್ಡಿ, ಕಂದಾಯ, ಸುಣ್ಣ ಇವೆಲ್ಲ ಖರ್ಚು. ಖರ್ಚು ಎಂದರೆ ಹೋದದ್ದು. ಆಸ್ತಿ, ಜವಾಬ್ದಾರಿಗಳು ಹೋದವಲ್ಲ, ಇಂದಿನ ದಿನಕ್ಕೆ ನಿಂತಿರುವಂಥವು. ಮನೆ ಎಷ್ಟೇ ಖರ್ಚು ಎಳೆಯಲಿ, ಮಾರಿದರೆ ಹಣವಾಗುತ್ತದೆ. ಹಾಗಾಗಿ ಅದು ಆಸ್ತಿಯೇ. ಎಮ್ಮೆ ಹಾಲು ಬತ್ತಿದೆಯೆಂದು ಅದನ್ನು ಸಾಲದ ಪಟ್ಟಿಗೆ ಸೇರಿಸುವವರು ಯಾರೂ ಇಲ್ಲ.

ಕಥೆಯ ಅಂಕಿಗಳನ್ನು ಲೆಕ್ಕ ಹಾಕಿ ನೋಡಿದೆ. ಮೊದಲ ತಿಂಗಳ 26,035 ರೂಪಾಯಿಯಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,785 ಮಾತ್ರ. ಐದು ವರ್ಷದಲ್ಲಿ ಅಪ್ಪ ಕಟ್ಟಿದ್ದು ಒಟ್ಟು ಸುಮಾರು 15.62 ಲಕ್ಷ. ಹುಡುಗ ಮೂವತ್ತರಲ್ಲಿ ಇದನ್ನು ಕಳೆದು ‘ಇನ್ನು ಹದಿನಾಲ್ಕು ಲಕ್ಷ ಚಿಲ್ಲರೆ ಉಳಿಯಿತು, ಅಲ್ಲವೇ ಅಜ್ಜ?’ ಎಂದು ಕೇಳಲಿ. ಎಲ್ಲರೂ ಮಾಡುವ ತಪ್ಪು ಅದೇ. ಬಡ್ಡಿ ದರ ಬದಲಾಗಿಲ್ಲ ಎಂದಿಟ್ಟುಕೊಂಡರೆ ಬ್ಯಾಂಕಿನ ಪಟ್ಟಿಯಲ್ಲಿ ಉಳಿದಿರುವ ಬಾಕಿ ಸುಮಾರು 26.44 ಲಕ್ಷ. ಕಡಿಮೆಯಾದದ್ದು 3.56 ಲಕ್ಷ, ಮಿಕ್ಕ ಹನ್ನೆರಡು ಲಕ್ಷ ಬಡ್ಡಿಯಾಗಿ ಖರ್ಚಾಯಿತು.

ಈಗ ಅಜ್ಜ ಗೆರೆಯ ಒಂದು ಕಡೆ ಮನೆ 42, ಇನ್ನೊಂದು ಕಡೆ ಸಾಲ 26.44 ಎಂದು ಬರೆದು ಕಳೆಯಲಿ. 15.56 ಉಳಿಯುತ್ತದೆ. ಅದು ಎಲ್ಲಿಂದ ಬಂತೆಂದು ಹುಡುಗನೇ ಹುಡುಕಲಿ: ಮೊದಲು ಕೈಯಿಂದ ಹಾಕಿದ 12, ಅಸಲಿಗೆ ತೀರಿದ 3.56. ಎರಡನ್ನೂ ಕೂಡಿದರೆ ಲೆಕ್ಕ ತಾಳೆಯಾಗುತ್ತದೆ. ಮನೆಯಲ್ಲಿ ‘ನಮ್ಮದು’ ಎನ್ನಬಹುದಾದ ಪಾಲು ಅಷ್ಟೇ. ಇಲ್ಲಿ ಮನೆಯನ್ನು ಕೊಂಡ ಬೆಲೆಗೇ ಇಟ್ಟಿದ್ದೇನೆ. ಇಂದಿನ ಪೇಟೆ ಬೆಲೆ ಹಿಡಿದರೆ ಮೇಲಿನ ಅಂಕಿ ಬದಲಾಗುತ್ತದೆ, ಸಾಲದ ಅಂಕಿ ಒಂದು ಪೈಸೆಯೂ ಅಲುಗುವುದಿಲ್ಲ.

ಪದದ ವಿಷಯ. ನಮ್ಮ ವಾರ್ಷಿಕ ವರದಿಯಲ್ಲಿ ‘ಆಸ್ತಿ ಜವಾಬ್ದಾರಿ ತಃಖ್ತೆ’ ಎಂದೇ ಅಚ್ಚಾಗುತ್ತಿತ್ತು. ಆದರೆ ಕೌಂಟರಿನಲ್ಲಿ ಕುಳಿತು ನಾವು ಆಡುತ್ತಿದ್ದ ಮಾತು ‘ಬರತಕ್ಕದ್ದು’, ‘ಕೊಡತಕ್ಕದ್ದು’. ಬರತಕ್ಕ ಬಡ್ಡಿ, ಕೊಡತಕ್ಕ ಬಡ್ಡಿ ಎಂದು ಇಂದಿಗೂ ಬರೆಯುತ್ತಾರೆ. ನಿಮ್ಮ ಅಜ್ಜ ‘ಇರುವುದು, ಬರತಕ್ಕದ್ದು’ ಎಂದು ಒಂದು ಕಡೆ, ‘ಕೊಡತಕ್ಕದ್ದು’ ಎಂದು ಇನ್ನೊಂದು ಕಡೆ ಬರೆದರೆ ಆರನೆಯ ತರಗತಿಯ ಮಗುವಿಗೆ ಬಿಡಿಸಿ ಹೇಳುವುದೇ ಬೇಕಿಲ್ಲ.

ಇನ್ನೊಂದು ಸಂಗತಿ. ಕಿರ್ದಿ ಬರೆದವರಾದ್ದರಿಂದ ಅಜ್ಜನಿಗೆ ಇದು ಗೊತ್ತಿದ್ದೇ ಇರುತ್ತದೆ: ಸಾಲದ ಹಣ ಕೈಗೆ ಬಂದ ದಿನ ಕಿರ್ದಿಯಲ್ಲಿ ಅದನ್ನು ಜಮಾ ಕಡೆಗೆ ಬರೆಯುತ್ತೇವೆ. ಹುಡುಗ ಹಳೆಯ ಪುಸ್ತಕ ತೆರೆದು ‘ಸಾಲ ಜಮಾ ಆಗಿದೆಯಲ್ಲ, ಹಾಗಾದರೆ ಅದು ನಮ್ಮ ಹಣವೇ’ ಎಂದರೆ? ಜಮಾ ಎಂದರೆ ಬಂದದ್ದು ಮಾತ್ರ, ಗಳಿಸಿದ್ದಲ್ಲ. ನನ್ನ ಸೇವೆಯ ಮೊದಲ ವರ್ಷ ನಾನೇ ಇಲ್ಲಿ ಎಡವಿದ್ದೆ.

ನಿವೃತ್ತ ಕಾರ್ಯದರ್ಶಿ, ಶಿರಸಿ

*

ನಮ್ಮ ಕಡೆ ಇದಕ್ಕೆ ‘ಬೋಜಾ’ ಎನ್ನುತ್ತೇವೆ. ಹೊಲದ ಮೇಲೆ ಬೋಜಾ ಇದೆ ಎಂದರೆ ಯಾರೂ ಕೊಳ್ಳಲು ಮುಂದೆ ಬರುವುದಿಲ್ಲ. ಪಹಣಿಯ ‘ಋಣಗಳು’ ಎಂಬ ಅಂಕಣದಲ್ಲಿ ಅದು ಕಾಣುತ್ತದೆ. ನಮ್ಮ ತಂದೆಯವರು ಬೆಳೆಸಾಲ ಪೂರ್ತಿ ತೀರಿಸಿ ಎರಡು ವರ್ಷವಾದರೂ ಪಹಣಿಯಲ್ಲಿ ಆ ಸಾಲು ಹಾಗೆಯೇ ಇತ್ತು. ಸಾಲ ತೀರಿದ ಪತ್ರವನ್ನು ಬ್ಯಾಂಕಿನಿಂದ ಪಡೆದು ನಾವೇ ಅರ್ಜಿ ಕೊಟ್ಟು ಓಡಾಡಿದ ಮೇಲೆಯೇ ಅದು ಹೋಯಿತು. ನಿಮ್ಮ ಕಥೆಯ ಅಜ್ಜನೂ ಇದನ್ನು ಮೊಮ್ಮಗನಿಗೆ ಹೇಳಲೇಬೇಕು. ಲಯಬಿಲಿಟಿಗೆ ‘ಬೋಜಾ’ ಎಂದೇ ಬಳಸಿ, ಗಟ್ಟಿ ಪದ.

ಕೃಷಿಕ, ಧಾರವಾಡ ಜಿಲ್ಲೆ

*

ಧಾರವಾಡದ ಹಿರಿಯರು ಹೇಳಿದ ಅನುಭವ ಬಹಳ ಉಪಯುಕ್ತ, ಆದರೆ ಕಥೆಗಾರ್ತಿ ಕೇಳಿದ್ದು ಅದಲ್ಲ. ಬೋಜಾ, ಋಣಭಾರ ಎಂಬ ಮಾತುಗಳು ಸ್ವತ್ತಿನ ಮೇಲೆ ಬಿದ್ದ ಗುರುತನ್ನು ಹೇಳುತ್ತವೆ. ಸಾಲ ಇರುವುದು ಮನುಷ್ಯನ ಮೇಲೆ. ಎರಡೂ ಬೇರೆ ಎಂಬುದಕ್ಕೆ ಅವರ ಕಥೆಯೇ ಸಾಕ್ಷಿ: ಸಾಲ ತೀರಿ ಎರಡು ವರ್ಷ ಬೋಜಾ ಉಳಿದಿತ್ತು. ತಲೆಕೆಳಗಾಗಿಯೂ ಆಗುವುದುಂಟು. ಅಡಮಾನವಿಟ್ಟ ಮನೆಯನ್ನು ಬ್ಯಾಂಕು ಹರಾಜು ಹಾಕಿ, ಬಂದ ಹಣ ಬಾಕಿಗೆ ಸಾಲದೆ ಹೋದರೆ ಮನೆಯೂ ಇಲ್ಲ, ಅದರ ಮೇಲಿನ ಭಾರವೂ ಇಲ್ಲ; ಉಳಿದ ಬಾಕಿ ಮಾತ್ರ ಸಾಲಗಾರನ ಬೆನ್ನಿಗೇ ಇರುತ್ತದೆ. ‘ಕೊಡತಕ್ಕದ್ದು’ ಎಂಬುದು ಇದನ್ನು ಸರಿಯಾಗಿ ಹಿಡಿಯುತ್ತದೆ.

‘ಹೊಣೆ’ ಬೇಡ ಎನ್ನಲು ನನಗೆ ವೃತ್ತಿಯ ಕಾರಣವೂ ಇದೆ. ಹಳಗನ್ನಡದ ‘ಪೊಣೆ’ಯಿಂದಲೂ ಆ ಮಾತಿನಲ್ಲಿ ಜಾಮೀನಿನ ಅರ್ಥವಿದೆ. ಬೇರೆಯವರ ಸಾಲಕ್ಕೆ ಹೊಣೆ ನಿಂತವನು ಇಂದು ಏನನ್ನೂ ಕೊಡಬೇಕಾಗಿಲ್ಲದಿರಬಹುದು. ಅವರು ತಪ್ಪಿದ ದಿನ ಕೊಡಬೇಕು. ಸ್ವಂತ ಸಾಲಕ್ಕೂ ಹೊಣೆ, ಜಾಮೀನಿಗೂ ಹೊಣೆ ಎಂದರೆ ಮಗು ಎರಡನ್ನೂ ಒಂದೇ ಅಂಕಣದಲ್ಲಿ ಬರೆದುಬಿಡುತ್ತದೆ.

ನೀವು ಕಳಿಸಿದ ಹಸ್ತಪ್ರತಿಯ ಕೊನೆಯಲ್ಲಿ ಅಜ್ಜ ‘ಮುಂದೆ ಈ ಮನೆಯೂ ನಿನ್ನದು, ಈ ಸಾಲವೂ ನಿನ್ನ ಹೊಣೆ’ ಎನ್ನುತ್ತಾರೆ. ದಯವಿಟ್ಟು ಆ ವಾಕ್ಯವನ್ನು ಬದಲಿಸಿ. ತಂದೆ, ಅಜ್ಜ, ಮುತ್ತಜ್ಜರ ಸಾಲ ತೀರಿಸುವುದು ಮಗ, ಮೊಮ್ಮಗ, ಮರಿಮಗನ ಧರ್ಮ ಎಂಬ ಹಳೆಯ ನಿಯಮವೊಂದಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾಡಿದ ಸಾಲವನ್ನು ಆ ಒಂದೇ ಕಾರಣಕ್ಕೆ ಮೊಮ್ಮಗನಿಂದ ವಸೂಲು ಮಾಡಲು ಬರುವುದಿಲ್ಲ. ಸತ್ತವರಿಂದ ಬಂದ ಸ್ವತ್ತು ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ತೀರಿಸಬೇಕು. ಮಗು ಸ್ವತಃ ಸಾಲಪತ್ರಕ್ಕೆ ಸಹಿ ಹಾಕಿಲ್ಲ. ಕಥೆ ಓದಿದ ಮಗುವೊಂದು ಅಪ್ಪನ ಸಾಲಕ್ಕೆ ರಾತ್ರಿ ನಿದ್ದೆಗೆಡುವುದು ನನಗೆ ಬೇಡ.

ವಕೀಲೆ, ಮೈಸೂರು

*

ಸರ್ಕಾರಿ ನೌಕರರು ವರ್ಷವರ್ಷ ಸಲ್ಲಿಸುವ ಪಟ್ಟಿಗೆ ‘ಆಸ್ತಿ ಮತ್ತು ದಾಯಿತ್ವ’ ಎಂಬ ಹೆಸರಿದೆ. ದಾಯಾದಿ ಎಂಬ ಪದದಿಂದಲೇ ದಾಯಿತ್ವ ಬಂದಿರಬೇಕು, ದಾಯಾದಿಗಳಿಗೆ ಕೊಡಬೇಕಾದದ್ದು ಎಂಬ ಅರ್ಥದಲ್ಲಿ. ಅದನ್ನೇ ಬಳಸಬಹುದಲ್ಲವೇ?

ಪ್ರೌಢಶಾಲಾ ಶಿಕ್ಷಕ, ಹಾಸನ

*

ಮೇಷ್ಟರೇ, ಎರಡಕ್ಕೂ ಮೂಲ ಕೊಡು ಎಂಬ ಅರ್ಥದ ‘ದಾ’ ಧಾತುವೇ, ಆದರೆ ಒಂದರಿಂದ ಇನ್ನೊಂದು ಹುಟ್ಟಿಲ್ಲ. ‘ದಾಯ’ ಎಂದರೆ ಪಾಲು, ಅದನ್ನು ಪಡೆಯುವವನು ದಾಯಾದ. ‘ದಾಯಿ’ ಎಂದರೆ ಕೊಡುವವನು, ಅವನ ಸ್ಥಿತಿ ದಾಯಿತ್ವ. ಒಂದು ಪಡೆಯುವ ಕಡೆಗೆ ವಾಲಿತು, ಇನ್ನೊಂದು ಕೊಡುವ ಕಡೆಗೆ. ಪದ ಒಳ್ಳೆಯದೇ, ಆದರೆ ಅಡಿಕೆ ಮಂಡಿಯ ಅಜ್ಜ ಮೊಮ್ಮಗನೊಂದಿಗೆ ದಾಯಿತ್ವ ಎನ್ನುವುದನ್ನು ನಾನು ಕಲ್ಪಿಸಿಕೊಳ್ಳಲಾರೆ.

ನಿವೃತ್ತ ಕಾರ್ಯದರ್ಶಿ, ಶಿರಸಿ

*

ಶಿರಸಿಯ ಹಿರಿಯರ ಮಾತು ಒಪ್ಪಿದೆ, ಬಡ್ಡಿ ಖರ್ಚು ಎಂಬುದನ್ನು ನಾನು ಯೋಚಿಸಿರಲಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ನಾವೇ ವಾಸಿಸುವ ಮನೆಯನ್ನು ನಾಳೆ ಮಾರಲಾಗುವುದಿಲ್ಲ. ಮಾರಲಾಗದ್ದನ್ನು 42 ಲಕ್ಷ ಎಂದು ಬರೆದು ಸಮಾಧಾನಪಡುವುದು ಸರಿಯೇ? ಬ್ಯಾಂಕಿನ ಉಳಿತಾಯ ಖಾತೆಯಲ್ಲಿರುವ ಹಣಕ್ಕೂ ಮನೆಗೂ ಒಂದೇ ಹೆಸರು ಕೊಡಲು ನನಗೆ ಇನ್ನೂ ಮನಸ್ಸು ಒಪ್ಪುತ್ತಿಲ್ಲ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

*

ಎಲ್ಲರಿಗೂ ಕೃತಜ್ಞತೆಗಳು. ‘ಹೊಣೆ’ಯನ್ನು ಕೈಬಿಟ್ಟಿದ್ದೇನೆ, ಕೊನೆಯ ವಾಕ್ಯವನ್ನೂ ತೆಗೆದಿದ್ದೇನೆ. ತಿದ್ದಿದ ಭಾಗ ಇದು:

ಅಜ್ಜ ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಿ ಗೆರೆ ಎಳೆದರು. “ಈ ಕಡೆ ನಮ್ಮ ಹತ್ತಿರ ಇರುವುದು, ನಮಗೆ ಬರತಕ್ಕದ್ದು. ಆ ಕಡೆ ನಾವು ಕೊಡತಕ್ಕದ್ದು. ಮನೆ ಎಲ್ಲಿ ಬರೆಯುತ್ತೀಯಪ್ಪ?”

“ಅಜ್ಜ, ಮನೆ ಬ್ಯಾಂಕಿನದು. ಅಪ್ಪ ಹಾಗೆ ಹೇಳುತ್ತಿದ್ದರು.”

“ಮನೆ ನಮ್ಮದೇ. ಬ್ಯಾಂಕಿನದು ಸಾಲ. ನಾವು ಕೊಡತಕ್ಕದ್ದು ಅವರ ಪುಸ್ತಕದಲ್ಲಿ ಬರತಕ್ಕದ್ದು. ಅಲ್ಲಿ ನಮ್ಮ ಸಾಲವೇ ಅವರ ಆಸ್ತಿ.”

ಹುಡುಗ ಪೆನ್ಸಿಲು ತೆಗೆದುಕೊಂಡು ಈ ಕಡೆ ಮನೆ ಎಂದು ಬರೆದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಪಕ್ಕದ ಮನೆಯ ಹುಡುಗ ಕೊಡಬೇಕಾದ ಹದಿನೈದು ರೂಪಾಯಿ.

ಇಲ್ಲಿ ನನಗೊಂದು ತೊಡಕು ಉಳಿದಿದೆ. ಕಳೆದು ಉಳಿಯುವ ಆ 15.56 ಲಕ್ಷಕ್ಕೆ ಅಜ್ಜ ಏನೆನ್ನಬೇಕು? ‘ನಿವ್ವಳ ಆಸ್ತಿ’ ಪತ್ರಿಕೆಯ ಭಾಷೆಯಾಯಿತು. ‘ಸ್ವಂತದ್ದು’ ಎಂದರೆ ಮನೆ ಪೂರ್ತಿ ಸ್ವಂತವಲ್ಲ ಎಂಬ ಹಳೆಯ ಗೊಂದಲ ಮರಳಿ ಬರುತ್ತದೆ. ಮಂಡಿಯಲ್ಲಿ, ಸೊಸೈಟಿಯಲ್ಲಿ ಇದಕ್ಕೆ ಆಡುಮಾತು ಇತ್ತೇ? ಕೇಳಿದವರಿದ್ದರೆ ತಿಳಿಸಿ.

ಕಥೆಗಾರ್ತಿ, ತುಮಕೂರು