ಪುಟ್ಟ ಕಾಫಿ ಕುಡಿಯಲ್ಲ, ಆದರೂ ನಿದ್ದೆ ಇಲ್ಲ

“ಅಕ್ಕಾ, ನಮ್ಮ ಪುಟ್ಟ ರಾತ್ರಿ ಒಂದು ಗಂಟೆಯಾದರೂ ಮಲಗಲ್ಲ. ಪರೀಕ್ಷೆ ಟೆನ್ಷನ್ ಅಂದುಕೊಂಡೆ. ಕಾಫಿಯಂತೂ ಮುಟ್ಟೋದೇ ಇಲ್ಲ. ಬರೀ ಟೀ, ಆಮೇಲೆ ಅಂಗಡಿಯಲ್ಲಿ ಸಿಗೋ ಜ್ಯೂಸ್ ಥರದ್ದು ಏನೋ. ಅದರಲ್ಲೆಲ್ಲ ಕೆಫೀನ್ ಇರುತ್ತಾ?”

ಇರುತ್ತೆ ಕಣೇ. ಅದರಲ್ಲೂ ಆ ‘ಜ್ಯೂಸ್ ಥರದ್ದು’ ಅಂದೆಯಲ್ಲ, ಅದು ಜ್ಯೂಸ್ ಅಲ್ಲ. ನಿನ್ನೆ ರಾತ್ರಿ ನಾನೇ ಪುಟ್ಟನಿಗೆ ಫೋನ್ ಮಾಡಿ ಕೇಳಿದೆ. ಪಾಪ, ಒಂದೂ ಮುಚ್ಚಿಡದೆ ಎಲ್ಲ ಹೇಳಿದ, ಅವನನ್ನು ಬೈಯಬೇಡ. ಸ್ವಲ್ಪ ಉದ್ದ ಆಗುತ್ತೆ ಇದು. ಒಲೆ ಮೇಲೆ ಏನಾದರೂ ಇಟ್ಟಿದ್ದರೆ ಆರಿಸಿ ಬಂದು ಕೂತು ಕೇಳು.

ಮೊದಲು ನಿನ್ನ ಕಾಫಿಯಿಂದಲೇ ಶುರು ಮಾಡೋಣ. ಅದನ್ನೇ ಅಳತೆ ಅಂತ ಇಟ್ಟುಕೊಂಡರೆ ಉಳಿದದ್ದು ಸುಲಭ. ಒಂದು ಲೋಟಕ್ಕೆ ಸುಮಾರು 10 ಗ್ರಾಂ ಪುಡಿ ಹಾಕುತ್ತೀಯ ಅಂದುಕೋ. ನೀವು ತರಿಸೋದು 70–30ರ ಪುಡಿ ಅಲ್ವಾ? ಅಂದರೆ ಅದರಲ್ಲಿ ಕಾಫಿ 7 ಗ್ರಾಂ, ಚಿಕೋರಿ 3 ಗ್ರಾಂ. ಚಿಕೋರಿ ಅನ್ನೋದು ಒಂದು ಗಿಡದ ಬೇರು. ಬಣ್ಣ ಕೊಡುತ್ತೆ, ಗಟ್ಟಿ ಮಾಡುತ್ತೆ, ಆದರೆ ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕಪ್ಪಗೆ ಕಂಡಷ್ಟೂ ಕಾಫಿ ಜೋರು ಅನ್ನೋದು ಅದಕ್ಕೇ ತಪ್ಪು ಲೆಕ್ಕ. ಅರೇಬಿಕಾ ಬೀಜದ ತೂಕದಲ್ಲಿ ನೂರಕ್ಕೆ ಸುಮಾರು 1.2 ಭಾಗ ಕೆಫೀನ್. 7 ಗ್ರಾಂಗೆ ಹೆಚ್ಚು ಕಡಿಮೆ 80 ಮಿಲಿಗ್ರಾಂ ಆಯಿತು. ಪುಡಿಯಲ್ಲಿ ರೋಬಸ್ಟಾ ಸೇರಿಸಿದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ರೋಬಸ್ಟಾದಲ್ಲಿ ಹತ್ತಿರ ಹತ್ತಿರ ಎರಡರಷ್ಟು ಇರುತ್ತೆ. ಇರಲಿ, ನಿನ್ನ ಒಂದು ಲೋಟಕ್ಕೆ 80 ಅಂತ ಇಟ್ಟುಕೋ. ದಿನಕ್ಕೆ ಎರಡು ಕುಡಿಯುತ್ತೀಯ, 160. ಹಾಲು ಜಾಸ್ತಿ ಹಾಕಿದರೆ ಕೆಫೀನ್ ಕಮ್ಮಿ ಆಗುತ್ತೆ ಅಂತ ಅಮ್ಮ ಹೇಳುತ್ತಿದ್ದರಲ್ಲ, ಅದೂ ಇಲ್ಲ. ಹಾಕಿದ ಡಿಕಾಕ್ಷನ್ ಎಷ್ಟೋ ಅಷ್ಟೇ.

ಈಗ ಟೀ. ತೂಕಕ್ಕೆ ತೂಕ ನೋಡಿದರೆ ಟೀ ಎಲೆಯಲ್ಲೇ ಕಾಫಿ ಬೀಜಕ್ಕಿಂತ ಕೆಫೀನ್ ಜಾಸ್ತಿ! ಆದರೆ ಒಂದು ಲೋಟಕ್ಕೆ ನಾವು ಹಾಕೋದು ಒಂದು ಚಮಚ, ಅಂದರೆ 2 ಗ್ರಾಂ. ಅದಕ್ಕೇ ಲೋಟದ ಲೆಕ್ಕದಲ್ಲಿ ಟೀ ಹಿಂದೆ ಬೀಳುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಆಹಾರದ ಮಾರ್ಗಸೂಚಿಯಲ್ಲಿ ಒಂದು ಸಲದ ಟೀಗೆ 30ರಿಂದ 65 ಮಿಲಿಗ್ರಾಂ ಅಂತ ಹಾಕಿದ್ದಾರೆ. ನೋಡು, ಎಷ್ಟು ಅಗಲ ಅಂತರ. ಬಿಸಿನೀರಲ್ಲಿ ಎಲೆ ಎರಡು ನಿಮಿಷ ಅದ್ದಿ ತೆಗೆದರೆ ಕಮ್ಮಿ. ನಮ್ಮ ಮನೆಗಳ ಥರ ಪುಡಿ ಟೀಯನ್ನು ಹಾಲು ನೀರಿನ ಜೊತೆ ಕುದಿಸಿ, ಉಕ್ಕಿಸಿ, ಮತ್ತೆ ಕುದಿಸಿದರೆ ಇರೋದೆಲ್ಲ ಇಳಿದು ಬರುತ್ತೆ. ಪುಟ್ಟನ ಲೋಟಕ್ಕೆ 40 ಅಂತ ಹಾಕಿಕೊಳ್ಳುತ್ತೇನೆ. ಕಮ್ಮಿಯೇ ಹಾಕಿದ್ದೇನೆ, ನೀನು ಟೀ ಮಾಡೋ ರೀತಿಗೆ 50 ಅಂದರೂ ಸರಿಯೇ. ಗ್ರೀನ್ ಟೀ, ಲೆಮನ್ ಟೀ ಅಂದರೆ ಪರವಾಗಿಲ್ಲ ಅಂತ ಅಂದುಕೊಳ್ಳಬೇಡ, ಅದೂ ಅದೇ ಗಿಡದ ಎಲೆ.

ಇನ್ನು ನಿನ್ನ ಜ್ಯೂಸ್. ಟ್ಯೂಷನ್ ಮುಗಿದ ಮೇಲೆ ಗೆಳೆಯರೆಲ್ಲ ಸೇರಿ ಒಂದೊಂದು ಬಾಟಲಿ ತಗೊಳ್ಳುತ್ತಾರಂತೆ. ಕೆಂಪು ಬಣ್ಣ, ಸಿಹಿ, ಗ್ಯಾಸ್ ಇರುತ್ತೆ. ಅದಕ್ಕೆ ಎನರ್ಜಿ ಡ್ರಿಂಕ್ ಅನ್ನುತ್ತಾರೆ. ಸರ್ಕಾರದ ಆಹಾರ ನಿಯಮದಲ್ಲಿ ಅದರ ಹೆಸರು ‘ಕೆಫಿನೇಟೆಡ್ ಬೆವರೇಜ್’. ಲೀಟರಿಗೆ 300 ಮಿಲಿಗ್ರಾಂ ಕೆಫೀನ್ ದಾಟಬಾರದು ಅಂತ ಮಿತಿ ಇದೆ. 250 ಮಿಲೀ ಬಾಟಲಿಗೆ ಅದು 75 ಆಗುತ್ತೆ. ಮಾರುಕಟ್ಟೆಯಲ್ಲಿ ಇರೋವು ಬಹಳಷ್ಟು ಆ ಮಿತಿಯ ಅಂಚಿನಲ್ಲೇ ಇರುತ್ತವೆ. ಅಂದರೆ ಒಂದು ಬಾಟಲಿ, ನಿನ್ನ ಒಂದು ಲೋಟ ಫಿಲ್ಟರ್ ಕಾಫಿ. ವ್ಯತ್ಯಾಸ ಏನೆಂದರೆ, ಬಿಸಿ ಕಾಫಿಯನ್ನು ನಾವು ಊದಿ ಊದಿ ಕುಡಿಯುತ್ತೇವೆ. ತಣ್ಣಗಿನ ಬಾಟಲಿಯನ್ನು ಹುಡುಗರು ಎರಡು ನಿಮಿಷದಲ್ಲಿ ಖಾಲಿ ಮಾಡುತ್ತಾರೆ. ಕಹಿ ಇದ್ದಿದ್ದರೆ ನಾಲಿಗೆಯೇ ಸಾಕು ಅನ್ನುತ್ತಿತ್ತು. ಸಕ್ಕರೆ ಅದನ್ನು ಮುಚ್ಚಿಬಿಟ್ಟಿದೆ.

ಬಾಟಲಿ ಮೇಲೆ ಬರೆದಿರುತ್ತೆ, ಸಣ್ಣ ಅಕ್ಷರದಲ್ಲಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದು ಸೂಕ್ತ ಅಲ್ಲ ಅಂತ. ಇದನ್ನು ಪುಟ್ಟನಿಗೆ ಹೇಳಿದರೆ, “ದೊಡ್ಡಮ್ಮ, ಅದರಲ್ಲಿ 29 ಅಂತ ಇತ್ತು, ಟೀಗಿಂತ ಕಮ್ಮಿ” ಅಂದ! ಓದಿದ್ದಾನೆ, ಬುದ್ಧಿವಂತ. ಆದರೆ ಅದು 100 ಮಿಲೀ ಲೆಕ್ಕ. ಬಾಟಲಿ 250. ಎರಡೂವರೆಯಿಂದ ಗುಣಿಸಬೇಕು. ಡಯಟ್ ವಿಭಾಗದಲ್ಲಿ ಕೂತು ಇಪ್ಪತ್ತು ವರ್ಷ ಇಂಥ ಲೇಬಲ್ ನೋಡಿದ್ದೇನೆ, ಓದಿದವರೇ ಜಾಸ್ತಿ ಎಡವೋದು ಇಲ್ಲಿ.

ಕೋಲಾ ವಿಷಯ ಹೇಳಿಬಿಡುತ್ತೇನೆ, ಅದು ನೀನು ಹೆದರಿದಷ್ಟು ಇಲ್ಲ. 100 ಮಿಲೀಗೆ 10 ಮಿಲಿಗ್ರಾಂ ಆಸುಪಾಸು. ಒಂದು ಲೋಟಕ್ಕೆ 20, 25. ಮದುವೆ ಮನೆಯಲ್ಲಿ ಅರ್ಧ ಲೀಟರ್ ಬಾಟಲಿ ಒಬ್ಬನೇ ಕುಡಿದರೆ ಒಂದು ಟೀಗಿಂತ ಸ್ವಲ್ಪ ಜಾಸ್ತಿ ಆಗುತ್ತೆ ಅಷ್ಟೆ. ಚಾಕೊಲೇಟ್ ಇನ್ನೂ ಕಮ್ಮಿ. ಹಾಲಿನ ಚಾಕೊಲೇಟ್ 40 ಗ್ರಾಂ ತಿಂದರೂ ಹತ್ತು ದಾಟಲ್ಲ. ಬಿಳಿ ಚಾಕೊಲೇಟಿನಲ್ಲಿ ಕೋಕೋದ ಕೊಬ್ಬು ಮಾತ್ರ, ಕೆಫೀನ್ ಲೆಕ್ಕಕ್ಕೇ ಬರಲ್ಲ. ಆದರೆ ನಿಮ್ಮೆಜಮಾನರು ‘ಆರೋಗ್ಯಕ್ಕೆ ಒಳ್ಳೇದು’ ಅಂತ ತಂದಿಡುವ ಶೇಕಡ 70ರ ಡಾರ್ಕ್ ಚಾಕೊಲೇಟ್ ಇದೆಯಲ್ಲ, ಅದರ 100 ಗ್ರಾಂನಲ್ಲಿ ಒಂದು ಕಾಫಿಯಷ್ಟೇ ಇರುತ್ತೆ. ಪುಟ್ಟ ರಾತ್ರಿ ಓದುವಾಗ ಮೂರು ನಾಲ್ಕು ತುಂಡು ತಿನ್ನುತ್ತಾನಂತೆ. 20 ಗ್ರಾಂ ಅಂದರೆ ಒಂದು 15 ಮಿಲಿಗ್ರಾಂ ಬಂತು.

ಸರಿ, ಈಗ ಅವನ ದಿನ ನೋಡು. ಬೆಳಿಗ್ಗೆ ಏಳಕ್ಕೆ ಟೀ, 40. ಸಂಜೆ ಆರಕ್ಕೆ ಬಾಟಲಿ, 75. ರಾತ್ರಿ ಒಂಬತ್ತಕ್ಕೆ ಫ್ಲಾಸ್ಕಿನ ಟೀ 40, ಜೊತೆಗೆ ಚಾಕೊಲೇಟ್ 15. ಒಟ್ಟು 170. ಎರಡು ಕಾಫಿ ಕುಡಿಯೋ ನಿನಗಿಂತ, ಕಾಫಿ ಮುಟ್ಟದ ಮಗನಿಗೆ ಜಾಸ್ತಿ! ಅದೂ ಅವನ ತೂಕ 45 ಕೆಜಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯವರು ಮಕ್ಕಳಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 3 ಮಿಲಿಗ್ರಾಂ ತನಕ ಅಂತ ಹೇಳುತ್ತಾರೆ. ಪುಟ್ಟನಿಗೆ ಅದು 135. ಕೆನಡಾದವರು ಇನ್ನೂ ಬಿಗಿ, ಎರಡೂವರೆ ಅನ್ನುತ್ತಾರೆ. ಯಾವ ಲೆಕ್ಕ ಹಿಡಿದರೂ ದಾಟಿದ್ದಾನೆ.

ಆದರೆ ನಿದ್ದೆ ಕೆಡಿಸೋದು ಬರೀ ಒಟ್ಟು ಲೆಕ್ಕ ಅಲ್ಲ, ಹೊತ್ತು. ನಾವು ಎಚ್ಚರ ಇದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತೆ. ಅದು ತನ್ನ ಸೀಟಿನಲ್ಲಿ ಕೂತಾಗ ನಮಗೆ ತೂಕಡಿಕೆ ಬರೋದು. ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಹಾಕುತ್ತಾರಲ್ಲ, ಕೆಫೀನ್ ಅದನ್ನೇ ಮಾಡುತ್ತೆ. ಸೀಟು ಹಿಡಿದುಬಿಡುತ್ತೆ. ಅಡೆನೊಸಿನ್ ಬಾಗಿಲಲ್ಲಿ ನಿಂತೇ ಇರುತ್ತೆ, ಕೂರೋಕೆ ಜಾಗ ಇಲ್ಲ. ಆ ಕರ್ಚೀಫ್ ಬೇಗ ಎದ್ದು ಹೋಗಲ್ಲ. ಕುಡಿದದ್ದರಲ್ಲಿ ಅರ್ಧ ಕಮ್ಮಿಯಾಗೋಕೆ ಸರಾಸರಿ ಐದು ಗಂಟೆ ಬೇಕು, ಕೆಲವರಿಗೆ ಮೂರು, ಕೆಲವರಿಗೆ ಏಳು.

ಐದು ಅಂತಲೇ ಹಿಡಿ. ಸಂಜೆ ಆರರ 75, ರಾತ್ರಿ ಹನ್ನೊಂದಕ್ಕೆ 37 ಉಳಿದಿರುತ್ತೆ. ಒಂಬತ್ತರ ಟೀಯಲ್ಲಿ ಇನ್ನೂ 30, ಚಾಕೊಲೇಟಿನದು 11, ಬೆಳಗಿನ ಟೀಯದು ಒಂದು ನಾಲ್ಕು. ಕೂಡಿಸು. 82. ದೀಪ ಆರಿಸಿ ಮಲಗೋ ಹೊತ್ತಿಗೆ ಅವನ ಮೈಯಲ್ಲಿ ಒಂದು ಲೋಟ ಫಿಲ್ಟರ್ ಕಾಫಿ ಇದೆ ಕಣೇ! ನಿನ್ನ ಎರಡನೇ ಕಾಫಿ ಸಂಜೆ ನಾಲ್ಕಕ್ಕೆ. ಅದೇ ಹನ್ನೊಂದಕ್ಕೆ ನಿನ್ನಲ್ಲಿ ಇದರ ಅರ್ಧವೂ ಇರಲ್ಲ. ಅದಕ್ಕೇ ನಿನಗೆ ಹತ್ತಕ್ಕೇ ಗೊರಕೆ. ಬೇಜಾರು ಮಾಡ್ಕೋಬೇಡ, ಸುಮ್ನೆ ಹೇಳಿದೆ.

ಟೆನ್ಷನ್ ಇಲ್ಲವೇ ಇಲ್ಲ ಅನ್ನಲ್ಲ ನಾನು. ಆದರೆ ಎದೆ ಡವಡವ ಅನ್ನೋದು, ಕೈ ಸಣ್ಣಗೆ ನಡುಗೋದು, ಬೆಳಿಗ್ಗೆ ಎಬ್ಬಿಸಿದರೂ ಏಳದೆ ಟೀ ಸಿಕ್ಕಿದ ಮೇಲೆಯೇ ಕಣ್ಣು ಬಿಡೋದು, ಇವೆಲ್ಲ ಕೆಫೀನಿಗೂ ಹೊಂದುತ್ತವೆ. ಬಿಡಿಸಿ ನೋಡಿದರೆ ಯಾವುದು ಎಷ್ಟು ಅಂತ ಗೊತ್ತಾಗುತ್ತೆ.

ಬಿಡಿಸೋದು ಹೇಗೆ ಅಂದರೆ, ನಾಳೆಯಿಂದಲೇ ಎಲ್ಲ ಬಂದ್ ಅನ್ನಬೇಡ. ರೂಢಿಯಾದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಶುರುವಾಗುತ್ತೆ, ಎರಡನೇ ದಿನ ಜೋರಾಗುತ್ತೆ, ಕೆಲವರಿಗೆ ವಾರ ಹಿಡಿಯುತ್ತೆ. ಆಗ ಮನೆಯಲ್ಲಿರೋ ತಲೆನೋವಿನ ಮಾತ್ರೆ ಕೊಡುತ್ತೀಯ. ಅಂಥ ಕೆಲವು ಮಾತ್ರೆಗಳಲ್ಲೇ ಕೆಫೀನ್ ಸೇರಿಸಿರುತ್ತಾರೆ, ಪಟ್ಟಿಯ ಹಿಂದೆ ಓದಿ ನೋಡು. ಮೊದಲು ಬಾಟಲಿ ಒಂದನ್ನು ನಿಲ್ಲಿಸು. ಬೆಳಗಿನ ಟೀ ಇರಲಿ. ಮೂರು ನಾಲ್ಕು ದಿನ ಬಿಟ್ಟು ರಾತ್ರಿಯ ಟೀಯನ್ನು ಸ್ಕೂಲಿಂದ ಬಂದ ತಕ್ಷಣಕ್ಕೆ ತಂದುಬಿಡು, ನಾಲ್ಕು ಗಂಟೆ ಒಳಗೆ. ಡಾರ್ಕ್ ಚಾಕೊಲೇಟ್ ಮಧ್ಯಾಹ್ನ ತಿನ್ನಲಿ, ಅದರ ಮೇಲೆ ನನಗೆ ದ್ವೇಷ ಇಲ್ಲ.

ಗ್ರೂಪಿನಲ್ಲಿ ನಮ್ಮ ಸೊಸೆಯೂ ಕೇಳುತ್ತಿರುತ್ತಾಳೆ, ಅವಳಿಗೂ ಒಂದು ಮಾತು. ನಾನು ಮೊದಲ ಬಸುರಿಯಲ್ಲಿ ಕಾಫಿ ಬಿಟ್ಟೆ ಅಂತ ಎಲ್ಲರ ಹತ್ತಿರ ಹೊಗಳಿಸಿಕೊಂಡು, ದಿನಕ್ಕೆ ಐದು ಟೀ ಕುಡಿದವಳು. ಆಗ ನನಗೆ ಈ ಲೆಕ್ಕ ಗೊತ್ತಿರಲಿಲ್ಲ. ಐದು ನಲವತ್ತು 200. ಗರ್ಭಿಣಿಯರಿಗೆ ಯುರೋಪಿನವರು ಹಾಕಿದ ಮಿತಿಯೇ ದಿನಕ್ಕೆ 200. ಅಲ್ಲದೆ ತಿಂಗಳು ತುಂಬುತ್ತಾ ಬಂದ ಹಾಗೆ ಕೆಫೀನ್ ಮೈಯಿಂದ ಹೋಗೋದು ತುಂಬಾ ನಿಧಾನ, ಅರ್ಧ ಇಳಿಯೋಕೇ ಹತ್ತು ಹದಿನೈದು ಗಂಟೆ ಬೇಕಾಗುತ್ತೆ. ಕಾಫಿ ಟೀ ಎರಡೂ ಸೇರಿಸಿ ಎಣಿಸಿಕೊ ಮಗಳೇ.

ಪುಟ್ಟನ ಫ್ಲಾಸ್ಕ್ ಖಾಲಿ ಇಡಬೇಡ, ರಾತ್ರಿ ಬಿಸಿಯಾಗಿ ಏನಾದರೂ ಬೇಕು ಅವನಿಗೆ. ಅಜ್ಜಿ ಮಾಡುತ್ತಿದ್ದ ಕಷಾಯ ಮಾಡು. ನಾಲ್ಕು ಚಮಚ ಕೊತ್ತಂಬರಿ ಬೀಜಕ್ಕೆ ಎರಡು ಚಮಚ ಜೀರಿಗೆ, ಆರೇಳು ಕಾಳುಮೆಣಸು, ಘಂ ಅನ್ನೋ ತನಕ ಹುರಿದು ಪುಡಿ ಮಾಡಿಟ್ಟುಕೋ. ಒಂದು ಲೋಟಕ್ಕೆ ಒಂದು ಚಮಚ, ಬೆಲ್ಲ, ಕೊನೆಗೆ ಹಾಲು. ಕೆಫೀನ್ ಸೊನ್ನೆ. ‘ಸ್ವಲ್ಪ ಟೀಪುಡಿ ಹಾಕಿದರೆ ರುಚಿ’ ಅಂತ ಹಾಕಬೇಡ ಮತ್ತೆ, ನಿನ್ನ ಕೈ ನನಗೆ ಗೊತ್ತು. ಆಮೇಲೆ ಅವನು ಕುಡಿಯೋ ಬಾಟಲಿಯ ಹಿಂಬದಿ ಫೋಟೋ ಕಳಿಸು, ಅದರಲ್ಲಿ ನಿಜವಾಗಿ ಎಷ್ಟಿದೆ ಅಂತ ನೋಡಿ ಹೇಳುತ್ತೇನೆ.