ಬಿಗಿ ಗುಂಗುರು ಕೂದಲಿನ ಫೋಟೋ: ಬಣ್ಣ ಬದಲಿಸಿದರೂ ದಟ್ಟಣೆ, ಅಂಚು ಉಳಿಯಬೇಕು (ಅನುಭವ ಹಂಚಿಕೆ)

ಕೇಳಿದವರು, ಧಾರವಾಡ: ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಕಲಾವಿದೆಯೊಬ್ಬರ ಭಾವಚಿತ್ರವನ್ನು ನಾಟಕದ ಪೋಸ್ಟರಿಗಾಗಿ ಫೋಟೋಶಾಪ್‌ನಲ್ಲಿ ತಿದ್ದುತ್ತಿದ್ದೇನೆ. ಫೋಟೋ ತೆಗೆದದ್ದು ತಿಳಿ ಬೂದು ಗೋಡೆಯ ಮುಂದೆ. ಹಿನ್ನೆಲೆ ಕಡುಗೆಂಪಾಗಬೇಕು, ಕಪ್ಪು ಕೂದಲು ತಾಮ್ರದ ಬಣ್ಣಕ್ಕೆ ಬರಬೇಕು, ನೆತ್ತಿಯ ಭಾಗ ಇನ್ನೂ ಸ್ವಲ್ಪ ದುಂಡಗೆ ಎದ್ದು ನಿಲ್ಲಬೇಕು ಎಂದು ನಿರ್ದೇಶಕರು ಕೇಳಿದ್ದಾರೆ. ಎರಡು ದಿನ ಕುಳಿತರೂ ಕೂದಲು ಕುಗ್ಗಿ ಹೆಲ್ಮೆಟ್ಟಿನಂತೆ ಕಾಣುತ್ತದೆ. ಬಣ್ಣ ಹತ್ತುವುದೇ ಇಲ್ಲ, ಹತ್ತಿದರೆ ಪೇಂಟ್ ಬಳಿದಂತಿರುತ್ತದೆ. ಮಾಡಿ ಅನುಭವವಿದ್ದವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ, ಮದುವೆ ಆಲ್ಬಂ ವಿನ್ಯಾಸ ಮಾಡುವವರು: ಸರ್, `Select and Mask` ಒಳಗೆ ಹೋಗಿ `Refine Edge Brush` ಅನ್ನು ಕೂದಲಿನ ಅಂಚಿನ ಮೇಲೆ ಒಮ್ಮೆ ಸುತ್ತ ಆಡಿಸಿ, ಕೆಳಗಿರುವ `Decontaminate Colors` ಅನ್ನು ಆನ್ ಮಾಡಿದರೆ ಬಿಳಿ ಗೆರೆ ಹೋಗುತ್ತದೆ. ಬಣ್ಣಕ್ಕೆ `Hue/Saturation` ತೆರೆದು `Colorize` ಒತ್ತಿದರೆ ಸಾಕು. ನಾನು ತಿಂಗಳಿಗೆ ನೂರಾರು ವಧುಗಳ ಫೋಟೋಗಳನ್ನು ಹೀಗೆಯೇ ಮಾಡುತ್ತೇನೆ, ಯಾರೂ ತಕರಾರು ಮಾಡಿಲ್ಲ.

ಶಿವಮೊಗ್ಗದಿಂದ, ತಾಯಿಯೊಬ್ಬರು: ನನ್ನ ಮಗಳದೂ ಬಹಳ ಗುಂಗುರು ಕೂದಲು. ಕಳೆದ ವರ್ಷ ಪಾರ್ಲರಿನಲ್ಲಿ ತಾಮ್ರದ ಬಣ್ಣ ಹಾಕಿಸಿದೆವು. ಕಪ್ಪು ಕೂದಲಿನ ಮೇಲೆ ನೇರವಾಗಿ ಹಚ್ಚಿದರೆ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆಂದು ಹೇಳಿ, ಮೊದಲು ಬ್ಲೀಚ್ ಮಾಡಿ ಕಂದು ಬಣ್ಣಕ್ಕೆ ಇಳಿಸಿ ಆಮೇಲೆ ಹಚ್ಚಿದರು. ಆದರೂ ಒಂದೇ ಸಮನಾಗಿ ಬರಲಿಲ್ಲ, ಹೊರಗಿನ ತುದಿಗಳು ಜೇನಿನ ಬಣ್ಣಕ್ಕೆ ತಿರುಗಿದರೆ ಬುಡ ಕಪ್ಪಾಗಿಯೇ ಉಳಿಯಿತು. ಆಮೇಲೆ ಕೂದಲು ಒಣಗಿ ತುಂಡಾಗತೊಡಗಿತು. ಆದ್ದರಿಂದ ಆ ಕಲಾವಿದೆಗೆ ಇದು ಬೇಡವೆಂದೇ ನನ್ನ ಸಲಹೆ.

ಬೆಂಗಳೂರಿನಿಂದ, ಕೇಶ ಉತ್ಪನ್ನಗಳ ಜಾಹೀರಾತು ಚಿತ್ರಗಳನ್ನು ತಿದ್ದುವವರು: ಶಿವಮೊಗ್ಗದ ಅಕ್ಕ ನಿಜವಾದ ಕೂದಲಿನ ಬಗ್ಗೆ ಬರೆದಿದ್ದಾರೆ, ಆದರೆ ಫೋಟೋದ ಬಣ್ಣದ ಸಮಸ್ಯೆಗೂ ಉತ್ತರ ಅವರ ಮಾತಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಅಂಚಿನ ವಿಷಯ.

ನೇರ ಕೂದಲಿನ ಅಂಚಿನಲ್ಲಿ ಎಳೆಗಳು ಒಂದೊಂದಾಗಿ ಹೊರಬರುತ್ತವೆ. ಬಿಗಿ ಸುರುಳಿಯ ಕೂದಲಿನಲ್ಲಿ ಅಂಚು ಎಂಬ ಗೆರೆಯೇ ಇರುವುದಿಲ್ಲ, ಸಣ್ಣ ಸಣ್ಣ ಸುರುಳಿಗಳೂ ಅವುಗಳ ನಡುವೆ ಇಣುಕುವ ಹಿನ್ನೆಲೆಯೂ ಬೆರೆತ ಒಂದು ಪಟ್ಟಿ ಇರುತ್ತದೆ. ನಿಮ್ಮದು 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವಾಗಿದ್ದು ಕೂದಲಿನ ಅಗಲ ಸುಮಾರು 2600 ಪಿಕ್ಸೆಲ್ ಇದೆ ಎಂದುಕೊಳ್ಳೋಣ. ಆ ಪಟ್ಟಿ ಎರಡೂ ಬದಿಗೆ 200 ಪಿಕ್ಸೆಲ್ ಇರುವುದು ಸಹಜ. ಆಯ್ಕೆಯ ಉಪಕರಣವು ದಟ್ಟ ಕಪ್ಪು ಮುಗಿದಲ್ಲೇ ನಿಂತುಬಿಟ್ಟರೆ ನಿಮಗೆ ಉಳಿಯುವುದು 2200 ಪಿಕ್ಸೆಲ್ ಮಾತ್ರ. ಅಗಲದಲ್ಲಿ ಇದು ಸಣ್ಣ ನಷ್ಟವೆಂದು ತೋರಬಹುದು, ಆದರೆ ದುಂಡಗಿನ ಆಕಾರದ ವಿಸ್ತೀರ್ಣದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ನಿಮಗೆ ಕಾಣುತ್ತಿರುವ ಹೆಲ್ಮೆಟ್ ಅದೇ.

ದಾವಣಗೆರೆಯವರು ಹೇಳಿದ ಬ್ರಷ್ ಉಪಯೋಗಕ್ಕೆ ಬರುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ `Decontaminate Colors` ಅಂಚಿನ ಪಿಕ್ಸೆಲ್‌ಗಳ ಬಣ್ಣವನ್ನು ಅಳಿಸಿ, ಪಕ್ಕದ ಕೂದಲಿನ ಬಣ್ಣವನ್ನು ಹೊರಕ್ಕೆ ಎಳೆದು ತುಂಬುತ್ತದೆ. ನೇರ ಎಳೆಗಳಲ್ಲಿ ಇದು ಗೊತ್ತಾಗುವುದಿಲ್ಲ. ಸುರುಳಿಗಳಲ್ಲಾದರೆ ಪ್ರತಿ ಸುರುಳಿಯ ಒಳಗಿನ ಬೆಳಕು ನೆರಳು ಅಳಿಸಿಹೋಗಿ ಮಸಿಯ ಗೀರುಗಳಂತಾಗುತ್ತದೆ. 200 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದರೆ ಅದು ಎದ್ದು ಕಾಣುತ್ತದೆ.

ನಾನು ಮಾಸ್ಕನ್ನು ಚಿತ್ರದಿಂದಲೇ ತೆಗೆಯುತ್ತೇನೆ. ಚಾನೆಲ್‌ಗಳಲ್ಲಿ ನೀಲಿಯದನ್ನು ನಕಲು ಮಾಡಿಕೊಳ್ಳಿ. ಕಂದು ಛಾಯೆಯ ಕಪ್ಪು ಕೂದಲು ನೀಲಿ ಚಾನೆಲ್‌ನಲ್ಲಿ ಅತಿ ಕಪ್ಪಾಗಿಯೂ ಬೂದು ಗೋಡೆ ಬೆಳ್ಳಗೂ ಇರುವುದರಿಂದ ಎರಡರ ಅಂತರ ಅಲ್ಲಿಯೇ ಹೆಚ್ಚು. ನಂತರ `Levels` ನಿಂದ ಗೋಡೆ ಪೂರ್ತಿ ಬಿಳಿಯಾಗುವವರೆಗೆ ಮಾತ್ರ ಬಲಗಡೆಯ ಗುಂಡಿಯನ್ನು ಒಳಗೆ ತನ್ನಿ. ಎಡಗಡೆಯದನ್ನು ಸ್ವಲ್ಪವೇ ಸರಿಸಿ ನಿಲ್ಲಿಸಿ. ಎಲ್ಲರೂ ತಪ್ಪುವುದು ಇಲ್ಲಿ. ಪಟ್ಟಿಯಲ್ಲಿ ಉಳಿದ ಬೂದು ಕಂಡು ಗಾಬರಿಯಾಗಿ, ಎಲ್ಲವೂ ಕಪ್ಪು ಬಿಳುಪಾಗುವವರೆಗೆ ಎಳೆದುಬಿಡುತ್ತಾರೆ. ಆ ಬೂದುಬಣ್ಣವೇ ಸುರುಳಿಗಳ ನಡುವಿನ ಗಾಳಿ. ತಲೆಯ ಒಳಭಾಗವನ್ನೂ ಮುಖವನ್ನೂ ಬ್ರಷ್‌ನಿಂದ ಕಪ್ಪು ತುಂಬಿ, ಪಟ್ಟಿಯನ್ನು ಮುಟ್ಟದೆ, ಚಾನೆಲ್ಲನ್ನು ತಿರುವುಮುರುವು ಮಾಡಿದರೆ ಮಾಸ್ಕ್ ಸಿದ್ಧವಾಗುತ್ತದೆ. ಕೆಂಪು ಹಿನ್ನೆಲೆಯ ಮೇಲೆ ಇಟ್ಟಾಗ ಗೋಡೆಯ ಬಿಳಿ ಛಾಯೆ ಪಟ್ಟಿಯಲ್ಲಿ ಕಂಡೇ ಕಾಣುತ್ತದೆ. ಅದಕ್ಕೆ ಮೇಲೊಂದು ಖಾಲಿ ಪದರವನ್ನು ಕ್ಲಿಪ್ ಮಾಡಿ, `Multiply` ಗೆ ಇಟ್ಟು, ಕೂದಲಿನಿಂದಲೇ ಎತ್ತಿಕೊಂಡ ಕಂದು ಬಣ್ಣವನ್ನು 20–30 ಪ್ರತಿಶತದ ಮೃದು ಬ್ರಷ್‌ನಿಂದ ಆ ಪಟ್ಟಿಯ ಮೇಲೆ ಮಾತ್ರ ಹಾಯಿಸಿ. ಸುರುಳಿಗಳ ಆಕಾರ ಹಾಗೆಯೇ ಉಳಿದು ಬಿಳಿಯಷ್ಟೇ ಇಳಿಯುತ್ತದೆ.

ಇನ್ನು ಬಣ್ಣ. ಪಾರ್ಲರಿನಲ್ಲಿ ಮೊದಲು ಬ್ಲೀಚ್ ಮಾಡಿದಂತೆಯೇ ಇಲ್ಲೂ ಮೊದಲು ಕಪ್ಪನ್ನು ಎತ್ತಬೇಕು. ಹೊಳಪು 15ರ ಸುಮಾರಿಗಿರುವ ಪಿಕ್ಸೆಲ್ ಮೇಲೆ ಯಾವ ತಾಮ್ರ ಹಾಕಿದರೂ ಅದು ಕಪ್ಪಾಗಿಯೇ ಕಾಣುತ್ತದೆ. ಕಾಣಲೆಂದು ಸ್ಯಾಚುರೇಷನ್ ಏರಿಸಿದರೆ ಪೇಂಟ್ ಆಗುತ್ತದೆ. ಆದರೆ ಎಲ್ಲವನ್ನೂ ಒಂದೇ ಸಮನೆ ಎತ್ತಲೂ ಬಾರದು. `Curves` ನಲ್ಲಿ 10ರ ಬಳಿ ಒಂದು ಬಿಂದು ಇಟ್ಟು ಅದನ್ನು ಅಲುಗಿಸದೆ, 40 ಅನ್ನು 75ರ ಹತ್ತಿರಕ್ಕೂ 90 ಅನ್ನು 135ರ ಹತ್ತಿರಕ್ಕೂ ತನ್ನಿ. ಸುರುಳಿಯ ಮೈ ಬೆಳಗುತ್ತದೆ, ಸುರುಳಿಗಳ ನಡುವಿನ ಆಳ ಕತ್ತಲಾಗಿಯೇ ಇರುತ್ತದೆ. ಕೂದಲಿನ ದಟ್ಟಣೆ ನಮ್ಮ ಕಣ್ಣಿಗೆ ಗೊತ್ತಾಗುವುದು ಆ ಕತ್ತಲೆಯಿಂದ. ಅದು ಬೆಳಗಿತೆಂದರೆ ಕೂದಲು ಸ್ಪಂಜಿನಂತೆ ಚಪ್ಪಟೆಯಾಯಿತೆಂದೇ ತಿಳಿಯಿರಿ.

ಇದರ ಮೇಲೆ `Gradient Map` ಅನ್ನು `Color` ವಿಧಾನದಲ್ಲಿ ಇಡಿ. ಕತ್ತಲಿಗೆ ಕಪ್ಪುಗಂದು, ನಡುವಿಗೆ ತಾಮ್ರ, ಬೆಳಕಿಗೆ ಜೇನು, ತೀವ್ರತೆ 60–70 ಪ್ರತಿಶತ. `Colorize` ಎಲ್ಲಕ್ಕೂ ಒಂದೇ ಬಣ್ಣ ಕೊಡುವುದರಿಂದ ಅದು ನಂಬಿಕೆ ಹುಟ್ಟಿಸುವುದಿಲ್ಲ. ಅಕ್ಕ ಹೇಳಿದಂತೆ ನಿಜವಾದ ಬಣ್ಣವೇ ತುದಿಗೊಂದು ಬುಡಕ್ಕೊಂದು ಇರುತ್ತದೆ. ಕೆಲಸ ಸರಿಯಾಗಿದೆಯೇ ಎಂದು ನೋಡಲು ಎಲ್ಲದರ ಮೇಲೆ `Black & White` ಪದರವನ್ನು ಒಂದು ಕ್ಷಣ ಹಾಕಿ. ಬಣ್ಣವಿಲ್ಲದೆಯೂ ಅದು ಕೂದಲಿನಂತೆ ಕಂಡರೆ ಸರಿ, ಕಾಣದಿದ್ದರೆ ತಪ್ಪಿರುವುದು ಬಣ್ಣದಲ್ಲಲ್ಲ, ಎತ್ತಿದ ರೀತಿಯಲ್ಲಿ.

ದಾವಣಗೆರೆಯಿಂದ: ಒಪ್ಪಿದೆ ಸರ್, ನನ್ನ ಗ್ರಾಹಕರದೆಲ್ಲ ನೇರ ಕೂದಲು, ಅದನ್ನು ಯೋಚಿಸಿರಲಿಲ್ಲ. ಆದರೆ ನಾನು ಕಪ್ಪನ್ನು ಎತ್ತಿ ನೋಡಿದಾಗಲೆಲ್ಲ ಕೂದಲಿನ ತುಂಬ ನೇರಳೆ, ಹಸಿರು ಚುಕ್ಕಿಗಳು ಬಂದಿವೆ. ಅದಕ್ಕೇನು ಮಾಡುವುದು?

ಬೆಂಗಳೂರಿನಿಂದ: ನೀವು ಬಹುಶಃ ಜೆಪೆಗ್ ಮೇಲೆ ಎತ್ತಿದ್ದೀರಿ. ರಾ ಕಡತವಿದ್ದರೆ ಅಲ್ಲಿಯೇ ಕೂದಲಿಗೆ ಮಾತ್ರ ಮಾಸ್ಕ್ ಹಾಕಿ ಸುಮಾರು ಒಂದು ಸ್ಟಾಪ್ ಎತ್ತಿಕೊಂಡು ಬನ್ನಿ. ಚುಕ್ಕಿಗಳಿಗೆ ಕಲರ್ ನಾಯ್ಸ್ ಮಾತ್ರ ಇಳಿಸಿ. ಲ್ಯುಮಿನೆನ್ಸ್ ನಾಯ್ಸ್ ಇಳಿಸುವ ಗುಂಡಿಯನ್ನು ಹೆಚ್ಚು ಎಳೆದರೆ ಅದು ಸಣ್ಣ ಸುರುಳಿಗಳನ್ನೂ ನಾಯ್ಸ್ ಎಂದೇ ತಿಳಿದು ಒರೆಸಿಹಾಕುತ್ತದೆ. ಫೋನಿನ ಪೋರ್ಟ್ರೇಟ್ ವಿಧಾನದಲ್ಲಿ ತೆಗೆದ ಚಿತ್ರದಲ್ಲಂತೂ ಫೋನು ಆ ಅಂಚಿನ ಪಟ್ಟಿಯನ್ನು ಆಗಲೇ ಮಸುಕುಗೊಳಿಸಿರುತ್ತದೆ. ಅಂಥದ್ದನ್ನು ನಾನು ವಾಪಸು ಕಳಿಸುತ್ತೇನೆ.

ಮೈಸೂರಿನಿಂದ, ಛಾಯಾಗ್ರಾಹಕರು: ನೆತ್ತಿ ಎತ್ತರಿಸುವುದಕ್ಕೆ `Liquify` ಸಾಕು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಬ್ರಷ್ ತೆಗೆದುಕೊಂಡು, ಹಣೆಯನ್ನು ಫ್ರೀಜ್ ಮಾಡಿ, ಮೆಲ್ಲಗೆ ಹೊರಕ್ಕೆ ತಳ್ಳಿ.

ಬೆಂಗಳೂರಿನಿಂದ: ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊರಕ್ಕೆ ತಳ್ಳಿದಾಗ ಸುರುಳಿಗಳ ಸಂಖ್ಯೆ ಹೆಚ್ಚುವುದಿಲ್ಲ, ಇರುವ ಸುರುಳಿಗಳೇ ಹಿಗ್ಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ, ಪಕ್ಕದ ದುಂಡು ಸುರುಳಿಗಳ ನಡುವೆ ಅವು ಬೇರೆಯಾಗಿ ನಿಲ್ಲುತ್ತವೆ. ನಾನು ಅದೇ ತಲೆಯ ಅಂಚಿನಿಂದ ತುಣುಕುಗಳನ್ನು ನಕಲು ಮಾಡಿ, ಹತ್ತು ಹದಿನೈದು ಡಿಗ್ರಿ ತಿರುಗಿಸಿ, ಮೇಲೆ ಜೋಡಿಸಿ ಮಾಸ್ಕ್‌ನಿಂದ ಬೆರೆಸುತ್ತೇನೆ. ತುಣುಕು ಬೆಳಕು ಬೀಳುವ ಬದಿಯದೇ ಆಗಿರಬೇಕು. ಎಡದ್ದನ್ನು ಕನ್ನಡಿಯಂತೆ ಮಗುಚಿ ಬಲಕ್ಕಿಟ್ಟರೆ ಹೊಳಪಿನ ಚುಕ್ಕಿಗಳು ತಪ್ಪು ದಿಕ್ಕಿಗೆ ಬೀಳುತ್ತವೆ.

ಮೈಸೂರಿನಿಂದ: ಹತ್ತು ಪ್ರತಿಶತ ತಳ್ಳಿದರೆ ನೀವು ಹೇಳಿದಂತೆ ಆಗುತ್ತದೆ. ಮೂರು ನಾಲ್ಕು ಪ್ರತಿಶತದಲ್ಲಿ ನನಗೆಂದೂ ಆಗಿಲ್ಲ. ಪೋಸ್ಟರನ್ನು ಯಾರೂ ಭೂತಗನ್ನಡಿ ಹಿಡಿದು ನೋಡುವುದಿಲ್ಲ.

ಹಳಿಯಾಳದಿಂದ, ಸಿದ್ದಿ ಸಮುದಾಯದವರು: ಇಬ್ಬರೂ ಅಣ್ಣಂದಿರು ಕಂಪ್ಯೂಟರಿನಲ್ಲಿ ಮಾಡುವುದನ್ನು ನಾವು ಬೆಳಿಗ್ಗೆ ಕೈಯಲ್ಲೇ ಮಾಡುತ್ತೇವೆ. ನಮ್ಮ ಕೂದಲು ನೀರು ತಾಗಿದರೆ ಕುಗ್ಗುತ್ತದೆ. ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯನ್ನು ಬುಡಕ್ಕೆ ಹಾಕಿ ಮೇಲಕ್ಕೆತ್ತಿದರೆ ಐದು ನಿಮಿಷದಲ್ಲಿ ಎರಡು ಬೆರಳಿನಷ್ಟು ಏಳುತ್ತದೆ. ಆ ಕಲಾವಿದೆ ಹತ್ತಿರದಲ್ಲೇ ಇದ್ದರೆ ಅವರನ್ನೇ ಕರೆಸಿ ಅದೇ ಬೆಳಕಿನಲ್ಲಿ ಇನ್ನೊಂದು ಫೋಟೋ ತೆಗೆಯಿರಿ.

ಇನ್ನೊಂದು ಮಾತು. ಹಣೆಯಂಚಿನಲ್ಲೂ ಕಿವಿಯ ಮುಂದೆಯೂ ಚಿಕ್ಕ ಚಿಕ್ಕ ಸುರುಳಿಗಳಿರುತ್ತವೆ. ಸ್ಟುಡಿಯೊದವರು ಮುಖ ನುಣುಪು ಮಾಡುವಾಗ ಅವನ್ನು ಕಲೆಯೆಂದು ಅಳಿಸಿ ಹಣೆಯನ್ನು ಗೆರೆ ಎಳೆದಂತೆ ಮಾಡಿಬಿಡುತ್ತಾರೆ. ನನ್ನ ತಂಗಿಯ ಮದುವೆಯ ಆಲ್ಬಮ್ಮಿನಲ್ಲಿ ಹಾಗೆ ಮಾಡಿದ್ದರು. ಅವಳು ಆ ಪುಟ ಬಂದರೆ ಇಂದಿಗೂ ಮಗುಚಿಬಿಡುತ್ತಾಳೆ. ಆ ಸುರುಳಿಗಳು ಹೋದರೆ ಮುಖ ನಮ್ಮದಾಗಿ ಉಳಿಯುವುದಿಲ್ಲ. ನೆತ್ತಿಯ ಮೇಲೆ ರೇಷ್ಮೆಯ ಪಟ್ಟಿಯಂತೆ ಹೊಳಪು ಬಳಿಯುವುದೂ ಹಾಗೆಯೇ. ನಮ್ಮ ಕೂದಲಿನ ಹೊಳಪು ಅಲ್ಲೊಂದು ಇಲ್ಲೊಂದು ಚುಕ್ಕಿಯಾಗಿಯೇ ಇರುತ್ತದೆ.

ಬೆಂಗಳೂರಿನಿಂದ: ಅಕ್ಕ ಹೇಳಿದ್ದೇ ಸರಿ. ಮತ್ತೆ ಫೋಟೋ ತೆಗೆಯಲು ಸಾಧ್ಯವಿದ್ದರೆ ನನ್ನ ತುಣುಕು ಜೋಡಿಸುವ ಕೆಲಸವೂ ಬೇಡ, `Liquify` ಕೂಡ ಬೇಡ. ಹಣೆಯ ಸುರುಳಿಗಳನ್ನು ಉಳಿಸಲು ಚರ್ಮದ ಪದರದ ಮಾಸ್ಕನ್ನು ಕೂದಲಿನ ಗಡಿಗಿಂತ ಒಂದು ಬೆರಳಿನಷ್ಟು ಕೆಳಗೇ ನಿಲ್ಲಿಸಿ.

ಕೇಳಿದವರು, ಧಾರವಾಡ: ಎಲ್ಲರಿಗೂ ಕೃತಜ್ಞತೆಗಳು. ಕಲಾವಿದೆ ತಾಲೀಮಿಗೆಂದು ಭಾನುವಾರ ಧಾರವಾಡಕ್ಕೆ ಬಂದಿದ್ದರು. ಕೂದಲನ್ನು ಅವರೇ ಬಾಚಣಿಗೆಯಿಂದ ಎತ್ತಿಕೊಂಡರು, ಅದೇ ಗೋಡೆಯ ಮುಂದೆ ರಾ ಕಡತದಲ್ಲಿ ತೆಗೆದೆ. ಹಳೆಯ ಮಾಸ್ಕನ್ನು ಅಳೆದು ನೋಡಿದರೆ ಎಡಗಡೆ 180 ಪಿಕ್ಸೆಲ್, ಬಲಗಡೆ 230 ಪಿಕ್ಸೆಲ್ ಕಡಿದುಹಾಕಿದ್ದೆ. ನೀಲಿ ಚಾನೆಲ್‌ನಿಂದ ತೆಗೆದ ಹೊಸ ಮಾಸ್ಕ್‌ನಲ್ಲಿ ಪಟ್ಟಿ ಉಳಿದಿದೆ. ಬಣ್ಣವೂ ಹತ್ತಿದೆ, ಆದರೆ ನನ್ನ ಕಣ್ಣಿಗೆ 70 ಪ್ರತಿಶತ ಹೆಚ್ಚೆನಿಸಿ 55ಕ್ಕೆ ಇಳಿಸಿದೆ.

ಒಂದು ತೊಡಕು ಉಳಿದಿದೆ. ಬಲಗಡೆಯ ಕಿವಿಯ ಮೇಲೆ ಕೂದಲಿನ ನೆರಳು ಗೋಡೆಯ ಮೇಲೆಯೇ ಬಿದ್ದಿದ್ದರಿಂದ, ಆ ಜಾಗದಲ್ಲಿ ನೀಲಿ ಚಾನೆಲ್ ಕೂಡ ಕೂದಲು ಯಾವುದು ನೆರಳು ಯಾವುದು ಎಂದು ಬೇರ್ಪಡಿಸುತ್ತಿಲ್ಲ. ಅಷ್ಟು ಭಾಗವನ್ನು ಕೈಯಿಂದಲೇ ಬಿಡಿಸಬೇಕೋ, ಎಡಗಡೆಯ ತುಣುಕನ್ನು ತಂದು ಮುಚ್ಚಬಹುದೋ ತಿಳಿಯುತ್ತಿಲ್ಲ.

ಬೆಂಗಳೂರಿನಿಂದ: ಎಡಗಡೆಯದು ಬೇಡ, ಬೆಳಕು ಹೊಂದುವುದಿಲ್ಲ. ಬಲಗಡೆಯಲ್ಲೇ ನೆರಳಿಗಿಂತ ಸ್ವಲ್ಪ ಮೇಲಿನ ತುಣುಕನ್ನು ಇಳಿಸಿ ನೋಡಿ. ಸುರುಳಿಯ ಗಾತ್ರ ಹೊಂದದಿದ್ದರೆ ಕೈಯಿಂದಲೇ ಬಿಡಿಸಬೇಕಾಗುತ್ತದೆ. ಆಗಲೂ ಎಳೆಯ ಬ್ರಷ್ ಬಳಸಬೇಡಿ, ಸಣ್ಣ ದುಂಡು ಬ್ರಷ್‌ನಿಂದ ಸುರುಳಿಯ ತಿರುವುಗಳನ್ನೇ ಮಾಸ್ಕ್‌ನಲ್ಲಿ ಬರೆಯಿರಿ.